ಪರಿಷ್ಕೃತ ಗಡುವು

ನೀರು ಸರಬರಾಜು ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ‘ಬಾಕಿ ಮೇಡಂ’ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳು ಫೋನ್ ಮಾಡಿದರೆ ಸಾಕು, ಆ ಕಡೆಯವರು ರಿಸೀವರ್‌ಗೆ ಕೈ ಅಡ್ಡ ಹಿಡಿದು ಪಕ್ಕದವರಿಗೆ ಆ ಹೆಸರು ಹೇಳಿ ನಗುವುದು ಅವಳ ಕಿವಿಗೂ ಬೀಳುತ್ತಿತ್ತು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಒಂದು ಸಲ ಗಂಡನ ಎದುರು ತಾನೇ ಹೇಳಿಕೊಂಡು ನಕ್ಕಿದ್ದಳು: ಊರಲ್ಲಿ ಸಾಲ ಕೊಟ್ಟವರಿಗೂ ಇಷ್ಟು ಜನ ಹೆದರೋದಿಲ್ಲ, ನನ್ನ ಕಂಡ್ರೆ ಶೌಚಾಲಯಕ್ಕೆ ನುಗ್ಗಿ ಬಾಗಿಲು ಹಾಕ್ಕೋತಾರೆ, ಎಂದು.

ಅವಳು ಕೆಲಸ ಮಾಡುತ್ತಿದ್ದದ್ದು ಮೂರನೇ ಮಹಡಿಯ ಆಂತರಿಕ ಆಡಿಟ್ ವಿಭಾಗದಲ್ಲಿ. ಆಡಿಟ್ ಎಂದರೆ ಬರೀ ಲೆಕ್ಕಪತ್ರ ಎಂದುಕೊಂಡವರೇ ಹೆಚ್ಚು. ಆದರೆ ಆ ವಿಭಾಗದವರು ಪಂಪ್‌ಹೌಸುಗಳಿಗೆ, ಉಗ್ರಾಣಗಳಿಗೆ, ನೀರು ಶುದ್ಧೀಕರಣ ಘಟಕಗಳಿಗೆ ಹೋಗಿ, ಅಲ್ಲಿ ಕೆಲಸ ನಡೆಯಬೇಕಾದ ಹಾಗೆ ನಡೆಯುತ್ತಿದೆಯೇ ಎಂದು ನೋಡಿ, ಇಂಥಿಂಥದ್ದು ಸರಿಪಡಿಸಿ ಎಂದು ಶಿಫಾರಸು ಬರೆಯುತ್ತಿದ್ದರು. ಘಟಕದವರು ಒಪ್ಪಿಕೊಂಡು, ಇಂಥ ತಾರೀಖಿನೊಳಗೆ ಮಾಡುತ್ತೇವೆ ಎಂದು ಸಹಿ ಹಾಕುತ್ತಿದ್ದರು. ವರದಿ ಬರೆದವರು ಮುಂದಿನ ಊರಿಗೆ ಹೋಗುತ್ತಿದ್ದರು. ಅವಳ ಕೆಲಸ ಶುರುವಾಗುತ್ತಿದ್ದದ್ದು ಅಲ್ಲಿಂದ. ಮಾಡುತ್ತೇವೆ ಎಂದವರು ಮಾಡಿದರೇ ಎಂದು ಕೇಳುತ್ತಾ ಕೂರುವುದು.

ಅದಕ್ಕೊಂದು ಪಟ್ಟಿ ಇತ್ತು. ನೂರ ನಲವತ್ತಕ್ಕೂ ಹೆಚ್ಚು ಸಾಲುಗಳು. ಪ್ರತಿ ಸಾಲಿಗೂ ಶಿಫಾರಸು, ಅದರ ಅಪಾಯದ ಮಟ್ಟ, ಮಾಡಬೇಕಾದವರ ಹುದ್ದೆ, ಗಡುವು, ಈಗಿನ ಸ್ಥಿತಿ, ಮಾಡಿದ್ದಕ್ಕೆ ಪುರಾವೆ. ಗಡುವಿಗೆ ಹದಿನೈದು ದಿನ ಮುಂಚೆ ಒಂದು ನೆನಪೋಲೆ ಹೋಗಬೇಕು. ಗಡುವು ಮೀರಿ ಮೂವತ್ತು ದಿನವಾದರೆ ಆ ವಿಭಾಗದ ಮುಖ್ಯಸ್ಥರಿಗೆ, ಅರವತ್ತಾದರೆ ವ್ಯವಸ್ಥಾಪಕ ನಿರ್ದೇಶಕರಿಗೆ, ತೊಂಬತ್ತಾದರೆ ಆಡಳಿತ ಮಂಡಳಿಯ ಆಡಿಟ್ ಸಮಿತಿಗೆ. ಜೀವಕ್ಕೆ ಅಪಾಯ ಇರುವಂಥದ್ದಾದರೆ ಇಷ್ಟು ಮೆಟ್ಟಿಲು ಇಲ್ಲ, ಗಡುವು ದಾಟಿದ ವಾರದಲ್ಲೇ ನೇರ ನಿರ್ದೇಶಕರ ಮೇಜಿಗೆ ಹೋಗಬೇಕು. ಇಂಥವುಗಳ ಗಡುವನ್ನು ಒಂದು ಸಲಕ್ಕಿಂತ ಹೆಚ್ಚು ಮುಂದೂಡಬೇಕಾದರೆ ನಿರ್ದೇಶಕರೇ ಸಹಿ ಹಾಕಬೇಕು. ಈ ನಿಯಮಗಳ ಕೈಪಿಡಿ ಬರೆದ ನಾಲ್ವರಲ್ಲಿ ಅವಳೂ ಒಬ್ಬಳು.

ಆ ಪಟ್ಟಿಯಲ್ಲಿ ನದಿಯಾಚೆಯ ಶುದ್ಧೀಕರಣ ಘಟಕದ್ದು ಒಂದು ಸಾಲಿತ್ತು. ಅಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಅನಿಲದ ಸಿಲಿಂಡರುಗಳನ್ನು ಇಡುವ ಕೋಣೆಯಲ್ಲಿ ಸೋರಿಕೆ ಕಂಡುಹಿಡಿಯುವ ಯಂತ್ರ ಕೆಟ್ಟು ವರ್ಷವಾಗಿದೆ, ಹೊಸದು ಹಾಕಿ ಅದನ್ನು ಹೊರಗಿನ ಸೈರನ್‌ಗೂ ಗಾಳಿ ಹೀರುವ ಫ್ಯಾನಿಗೂ ಜೋಡಿಸಬೇಕು ಎಂಬುದು ಶಿಫಾರಸು. ಅಪಾಯದ ಮಟ್ಟ: ಅತಿ ಹೆಚ್ಚು. ಗಡುವು: ಮಾರ್ಚ್ ಕೊನೆ. ಮಾಡಬೇಕಾದವರು: ಘಟಕದ ಎಂಜಿನಿಯರ್.

ಮಾರ್ಚಿನಲ್ಲಿ ಎಂಜಿನಿಯರು, ಯಂತ್ರ ತರಿಸುವುದು ತಡವಾಗುತ್ತಿದೆ, ಜೂನ್‌ವರೆಗೆ ಸಮಯ ಕೊಡಿ ಎಂದು ಬರೆದರು. ಕೊಟ್ಟಿದ್ದಾಯಿತು. ಜೂನ್‌ನಲ್ಲಿ ಮತ್ತೆ ಬರೆದರು. ನಿಯಮದ ಪ್ರಕಾರ ಅದು ನಿರ್ದೇಶಕರ ಬಳಿಗೆ ಹೋಗಬೇಕಿತ್ತು. ಆಡಿಟ್ ಮುಖ್ಯಸ್ಥರು, ಅವರಿಗೆ ಬಾಯಿಮಾತಲ್ಲಿ ಹೇಳಿದ್ದೇನೆ, ಎಂದು ತಾವೇ ಸಹಿ ಹಾಕಿ ಸೆಪ್ಟೆಂಬರ್ ಕೊನೆಗೆ ಗಡುವು ಹಾಕಿಸಿದರು. ಗಡುವು ಬದಲಾದ ಕೂಡಲೇ ಕಂಪ್ಯೂಟರು ಹಳೆಯ ತಾರೀಖನ್ನು ಮರೆತು ಹೊಸದರಿಂದ ದಿನ ಎಣಿಸಲು ಶುರುಮಾಡುತ್ತಿತ್ತು. ಸಾಲಿನ ಕೆಂಪು ಬಣ್ಣ ಹಸಿರಾಗುತ್ತಿತ್ತು. ಹಳೆಯ ತಾರೀಖುಗಳು ಎಲ್ಲೂ ಉಳಿಯದಿರುವುದು ಅವಳಿಗೆ ಸರಿ ಕಾಣದೆ, ತನ್ನದೊಂದು ಬೇರೆ ಹಾಳೆಯಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ತೋರಿಸಿರಲಿಲ್ಲ.

ಸೆಪ್ಟೆಂಬರಿನ ಕೊನೆಯ ದಿನ ಘಟಕದಿಂದ ಒಂದು ಫೋಟೋ ಬಂತು. ಗೋಡೆಗೆ ಹೊಸ ಯಂತ್ರ. ಕೆಳಗೆ ಒಂದೇ ಸಾಲು: ಕೆಲಸ ಮುಗಿದಿದೆ, ದಯವಿಟ್ಟು ಶಿಫಾರಸನ್ನು ಮುಕ್ತಾಯಗೊಳಿಸಿ. ಫೋಟೋ ನೋಡಿ ಮುಚ್ಚಬಹುದಾದ ಸಾಲುಗಳಿದ್ದವು, ಇದು ಅಂಥದ್ದಲ್ಲ. ಅತಿ ಅಪಾಯದ್ದನ್ನು ಕಣ್ಣಾರೆ ನೋಡಿಯೇ ಮುಚ್ಚಬೇಕು. ಅಕ್ಟೋಬರಿನ ಮೊದಲ ವಾರ ಅವಳು ಸಂಸ್ಥೆಯ ಜೀಪಿನಲ್ಲಿ ನದಿ ದಾಟಿ ಹೋದಳು.

ಎಂಜಿನಿಯರು ಅಲ್ಲಿರಲಿಲ್ಲ. ಆವತ್ತು ಬೆಳಿಗ್ಗೆಯೇ ಕೊಳವೆಯೊಂದು ಒಡೆದು ಅರ್ಧ ಊರಿಗೆ ನೀರು ನಿಂತಿತ್ತು, ಅವರು ಅತ್ತ ಓಡಿದ್ದರು. ಅವಳನ್ನು ಕರೆದುಕೊಂಡು ಹೋಗಿ ತೋರಿಸಿದವರು ಅಲ್ಲಿನ ಹಿರಿಯ ಆಪರೇಟರ್. ವಯಸ್ಸು ಐವತ್ತೈದರ ಆಸುಪಾಸು, ಕಿವಿಯ ಮೇಲೆ ಮಾತ್ರ ಉಳಿದ ಬಿಳಿ ಕೂದಲು, ತೋಳು ಮಡಚಿದ ನೀಲಿ ಅಂಗಿ. ಘಟಕದಲ್ಲಿ ಎಲ್ಲರೂ ಅವರನ್ನು ‘ಮಾವ’ ಎಂದು ಕರೆಯುತ್ತಿದ್ದರು. ಎರಡು ಮಾತಾಡುವುದರೊಳಗೆ ಅವಳ ಬಾಯಲ್ಲೂ ಅದೇ ಬಂತು.

ಮಾವ ಕೋಣೆಗೆ ಹೋಗುವ ಮುಂಚೆ ಒಂದು ಬಟ್ಟೆಯ ತುದಿಯನ್ನು ಅಮೋನಿಯಾದಲ್ಲಿ ಅದ್ದಿ ಬಾಗಿಲ ಸಂದಿನಲ್ಲಿ ಆಡಿಸಿದರು. ಅನಿಲ ಸೋರುತ್ತಿದ್ದರೆ ಬಟ್ಟೆಯ ಹತ್ತಿರ ಬಿಳಿ ಹೊಗೆ ಏಳುತ್ತದಂತೆ. ಆವತ್ತು ಏಳಲಿಲ್ಲ. ಕೋಣೆಯಲ್ಲಿ ಆಳೆತ್ತರಕ್ಕಿಂತ ಉದ್ದದ ಸಿಲಿಂಡರುಗಳು ಮಲಗಿದ್ದವು. ಯಂತ್ರ ಗೋಡೆಯ ಬುಡದಲ್ಲಿ, ನೆಲದಿಂದ ಒಂದು ಮೊಳದಷ್ಟು ಮೇಲಿತ್ತು. ಇಷ್ಟು ಕೆಳಗೆ ಯಾಕೆ ಎಂದು ಅವಳು ಕೇಳಿದಳು. ಈ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತೆ, ಯಂತ್ರದ ಮೂಗು ಅಲ್ಲೇ ಇರಬೇಕು, ಎಂದು ಮಾವ ವಿವರಿಸಿದರು. ಜಾಗ ಸರಿಯಾಗಿಯೇ ಇತ್ತು. ಅವಳು ಬಗ್ಗಿ ನೋಡಿದಳು. ಯಂತ್ರದ ಮೈಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಹಿಂದಿನಿಂದ ಹೊರಟ ಕಪ್ಪು ಕೇಬಲ್ ಗೋಡೆಯ ಉದ್ದಕ್ಕೂ ಹೋಗಿ, ಬಾಗಿಲ ಪಕ್ಕದ ತೂತಿನ ಹತ್ತಿರ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ತುದಿಗೆ ಟೇಪು ಅಂಟಿಸಿದ್ದರು.

“ಇದು ಯಾವುದಕ್ಕೂ ಸೇರಿಲ್ವಲ್ಲ, ಮಾವ” ಎಂದಳು.

“ಇಲ್ಲಮ್ಮ. ತಂದು ಕೂರಿಸಿ ಹೋದರು. ಕರೆಂಟು, ಸೈರನ್ನು ಜೋಡಿಸೋರು ಬೇರೆಯವರಂತೆ, ಅವರ ಟೆಂಡರ್ ಆಗ್ಬೇಕಂತೆ. ನಮ್ಮ ಎಲೆಕ್ಟ್ರಿಷಿಯನ್ ಕೈ ಹಾಕಿದ್ರೆ ಗ್ಯಾರಂಟಿ ಹೋಗುತ್ತೆ ಅಂದ್ರು. ಅಲ್ಲೀತನಕ ನಮ್ಮ ಮೂಗೇ ಯಂತ್ರ.”

ಹೇಳಿ ನಕ್ಕರು. ಅವಳೂ ನಕ್ಕಳು. ಕೋಣೆಯ ಹೊರಗೋಡೆಯ ಮೇಲೆ ಗಾಳಿಯ ಬಾಟಲಿ ಇರುವ ಮುಖವಾಡಗಳು ಎರಡು ನೇತಾಡುತ್ತಿದ್ದವು. ಅವು ಚೆನ್ನಾಗಿದ್ದವು, ತಪಾಸಣೆಯ ಚೀಟಿಯೂ ಹೊಸದು. ಅದನ್ನು ಬರೆದುಕೊಂಡಳು, ಕೇಬಲಿನ ತುದಿಯ ಫೋಟೋ ತೆಗೆದುಕೊಂಡಳು. ಹೊರಡುವಾಗ ಮಾವ, ತಮ್ಮ ಮಗಳು ಕಾಮರ್ಸ್ ಓದುತ್ತಿದ್ದಾಳೆ, ಆಡಿಟ್ ಕೆಲಸ ಹೆಣ್ಣುಮಕ್ಕಳಿಗೆ ಹೇಗೆ ಎಂದು ಕೇಳಿದರು. ಕೆಲಸ ಒಳ್ಳೆಯದೇ, ಆದರೆ ಯಾರೂ ಚಹಾಕ್ಕೆ ಕರೆಯುವುದಿಲ್ಲ, ಎಂದಳು. ಮಾವ ಅವಳನ್ನು ನಿಲ್ಲಿಸಿಕೊಂಡು ಚಹಾ ಕುಡಿಸಿಯೇ ಕಳಿಸಿದರು.

ಜೀಪಿನಲ್ಲಿ ಕೂತು ಎಂಜಿನಿಯರಿಗೆ ಫೋನ್ ಮಾಡಿದಳು. ಆ ಕಡೆ ಜೆಸಿಬಿಯ ಸದ್ದು. ಕೆಲಸ ಮುಗಿದಿಲ್ಲ, ಮುಚ್ಚಲು ಆಗುವುದಿಲ್ಲ ಎಂದಳು. ಅವರು ವಾದಕ್ಕಿಳಿಯಲಿಲ್ಲ. ನೀವು ಹೇಗೆ ಬರೀತೀರೋ ಹಾಗೆ ಬರೀರಿ ಮೇಡಂ, ಎಂದರು. ದನಿ ಸೋತಿತ್ತು. ಪಾಪ, ಈ ಮನುಷ್ಯನ ಮೇಲೆ ಇನ್ನೊಂದು ಕಲ್ಲು ಹೇರುವುದೇ ಎಂದು ಅವಳಿಗೆ ಅನ್ನಿಸಿತು. ಆ ಅನ್ನಿಸಿಕೆಯನ್ನು ಆಮೇಲೆ ಅವಳು ನೂರು ಸಲ ನೆನಪಿಸಿಕೊಂಡಳು.

ಮರುದಿನ ಆಡಿಟ್ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಹದಿನೆಂಟು ತಿಂಗಳಿತ್ತು, ಯಾರ ಹತ್ತಿರವೂ ದನಿ ಏರಿಸದೆ ಮೂವತ್ತು ವರ್ಷ ಕಳೆದವರು. ಮುಂದಿನ ಗುರುವಾರ ಆಡಿಟ್ ಸಮಿತಿಯ ಸಭೆ. ಗಡುವು ಮೀರಿದ ಶಿಫಾರಸುಗಳು ಹಿಂದಿನ ಸಭೆಯಲ್ಲಿ ಮೂವತ್ತೊಂದು ಇದ್ದವು. ಈ ಸಲ ಹತ್ತರ ಒಳಗೆ ತರುತ್ತೇವೆ ಎಂದು ನಿರ್ದೇಶಕರು ಸಮಿತಿಗೆ ಮಾತು ಕೊಟ್ಟಿದ್ದರು. ಅವಳ ಪಟ್ಟಿಯಲ್ಲಿ ಒಂಬತ್ತಿದ್ದವು. ಇದು ಸೇರಿದರೆ ಹತ್ತು, ಅದೂ ಅತಿ ಅಪಾಯದ್ದು ಇದೊಂದೇ.

ಮುಖ್ಯಸ್ಥರು ಫೋಟೋವನ್ನು ಬಹಳ ಹೊತ್ತು ನೋಡಿದರು. ಮುಚ್ಚಿ ಎಂದು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಅವರು ನೇರ.

“ಮುಕ್ಕಾಲು ಭಾಗ ಕೆಲಸ ಆಗಿದೆಯಲ್ಲಮ್ಮ. ಭಾಗಶಃ ಪೂರ್ಣ ಅಂತ ಬರಿ. ಡಿಸೆಂಬರ್ ಕೊನೆಗೆ ಪರಿಷ್ಕೃತ ಗಡುವು ಹಾಕು. ಆಗ ಅದು ಸಮಿತಿಯ ಪಟ್ಟಿಗೆ ಬರೋದಿಲ್ಲ.”

“ಇದು ಮೂರನೇ ಸಲ ಸಾರ್. ನಿರ್ದೇಶಕರ ಸಹಿ ಬೇಕು.”

“ನಾನು ಹೇಳ್ತೀನಿ ಅವರಿಗೆ. ಈಗ ಮೇಲಕ್ಕೆ ಕಳಿಸಿದ್ರೆ ಏನಾಗುತ್ತೆ ಗೊತ್ತಾ? ಆ ಎಂಜಿನಿಯರಿಗೆ ನೋಟಿಸು. ಎರಡು ಮಕ್ಕಳ ತಂದೆ. ಹತ್ತು ಕಡೆ ಓಡಾಡಿ ಸಾಯ್ತಿದ್ದಾನೆ. ಅವನನ್ನ ಸಿಕ್ಕಿಸಿ ನಮಗೇನು ಸಿಗಬೇಕು?”

ಯಂತ್ರ ಮುಕ್ಕಾಲು ಅಲ್ಲ, ಸೊನ್ನೆ, ಕರೆಂಟೇ ಇಲ್ಲದ ಯಂತ್ರ ಗೋಡೆಗೆ ಹೊಡೆದ ಮೊಳೆಗಿಂತ ಹೆಚ್ಚಲ್ಲ, ಎಂದು ಹೇಳಬೇಕೆಂದಿದ್ದಳು. ಹೇಳಲಿಲ್ಲ. ಜೆಸಿಬಿಯ ಸದ್ದಿನ ನಡುವೆ ಕೇಳಿದ ಆ ಸೋತ ದನಿ ನೆನಪಾಯಿತು. ಡಿಸೆಂಬರ್ ಏನು ದೂರವೇ, ಮೂರು ತಿಂಗಳು ಕೂಡ ಇಲ್ಲ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತನ್ನ ಮೇಜಿಗೆ ಬಂದು ನಮೂನೆ ತುಂಬಿದಳು. ‘ಗಡುವು ವಿಸ್ತರಣೆಗೆ ಶಿಫಾರಸು ಮಾಡಿದವರು’ ಎಂಬಲ್ಲಿ ತನ್ನ ಸಹಿ ಹಾಕಿದಳು. ಕಾರಣದ ಜಾಗದಲ್ಲಿ ಬರೆದದ್ದು: ಖರೀದಿ ಪ್ರಕ್ರಿಯೆ ಪ್ರಗತಿಯಲ್ಲಿದೆ. ಪ್ರಗತಿಯಲ್ಲಿದೆಯೇ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಆ ಮಾತಿಗೆ ಒಂದು ಕಾಗದದ ಚೂರನ್ನೂ ಪುರಾವೆಯಾಗಿ ತರಿಸಿಕೊಳ್ಳಲಿಲ್ಲ. ಬೇರೆ ಯಾರಾದರೂ ಹಾಗೆ ಬರೆದು ಕಳಿಸಿದ್ದರೆ ಅವಳೇ ವಾಪಸ್ ಕಳಿಸುತ್ತಿದ್ದಳು.

ಆವತ್ತು ಸಂಜೆ ಗಂಡನಿಗೆ ಹೇಳಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈರುಳ್ಳಿ ಹೆಚ್ಚುತ್ತಾ ಪೂರ್ತಿ ಕೇಳಿದ. ಅವನಿಗೆ ಗಡುವು, ನಮೂನೆ, ಸಮಿತಿ ಒಂದೂ ತಲೆಗೆ ಹತ್ತಲಿಲ್ಲ. “ನಮ್ಮಲ್ಲಿ ಬ್ರೇಕ್ ಇಲ್ಲದ ಬಸ್ಸನ್ನ ಡಿಸೆಂಬರ್‌ವರೆಗೂ ಓಡಿಸಿ ಅಂತ ಯಾರೂ ಬರೆದುಕೊಡಲ್ಲಪ್ಪ” ಎಂದು ಈರುಳ್ಳಿಯನ್ನು ಬಾಣಲೆಗೆ ಸುರಿದ. ಅವಳಿಗೆ ಸಿಟ್ಟು ಬಂತು. ನಿಮಗೆ ಕಚೇರಿ ಅಂದರೇನು ಗೊತ್ತು ಎಂದು ರೇಗಿದಳು. ಊಟದ ಹೊತ್ತಿಗೆ ಇಬ್ಬರೂ ಬೇರೆ ಮಾತಿಗೆ ಹೋದರು.

ಸಭೆಯಲ್ಲಿ ಒಂಬತ್ತೇ ಬಂದವು. ಸಮಿತಿಯ ಅಧ್ಯಕ್ಷೆ, ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದ ಮುದುಕಿ, ಕನ್ನಡಕದ ಮೇಲಿಂದ ಅವಳನ್ನು ನೋಡಿ, ಚೆನ್ನಾಗಿ ಮಾಡಿದ್ದೀರಿ ಎಂದರು. ನಿರ್ದೇಶಕರು ತಲೆಯಾಡಿಸಿದರು.

ನವೆಂಬರಿನ ಮೂರನೇ ವಾರ, ಒಂದು ಮಂಗಳವಾರ, ಬೆಳಿಗ್ಗೆ ಆರೂವರೆಗೆ ಮಾವ ಪಾಳಿಗೆ ಬಂದರು. ಸಿಲಿಂಡರಿನಿಂದ ಹೊರಡುವ ಬೆರಳ ಗಾತ್ರದ ತಾಮ್ರದ ಕೊಳವೆ ಜೋಡಣೆಯ ಹತ್ತಿರ ಬಿರುಕುಬಿಟ್ಟು ಎಷ್ಟು ಹೊತ್ತಾಗಿತ್ತೋ. ಗಾಳಿ ಆವತ್ತು ಘಟಕದ ಕಡೆಯಿಂದ ನದಿಯ ಕಡೆಗೆ ಬೀಸುತ್ತಿತ್ತು, ಹೊರಗೆ ಇದ್ದವರಿಗೆ ವಾಸನೆ ಹತ್ತಲಿಲ್ಲ. ಮಾವನಿಗೆ ಮೂರು ದಿನದಿಂದ ನೆಗಡಿ, ಮೂಗು ಕಟ್ಟಿತ್ತು. ಅಮೋನಿಯಾದ ಬಾಟಲಿ ಖಾಲಿಯಾಗಿ, ಹೊಸದಕ್ಕೆ ಚೀಟಿ ಬರೆದಿದ್ದರು. ಮುಖವಾಡ ಕೈಗೆಟಕುವಷ್ಟು ಹತ್ತಿರದಲ್ಲಿ ನೇತಾಡುತ್ತಿತ್ತು. ಅದನ್ನು ಹಾಕಿಕೊಳ್ಳಿ ಎಂದು ಹೇಳುವ ಸೈರನ್ ಕೂಗಲಿಲ್ಲ. ಅವರು ಬಾಗಿಲು ತೆರೆದರು.

ತಕ್ಷಣ ಬಿದ್ದು ಸತ್ತಿದ್ದರೆ ಬೇರೆ ಕಥೆ. ಹಾಗಾಗಲಿಲ್ಲ. ಅವರು ಎರಡು ಸಲ ಉಸಿರೆಳೆದುಕೊಂಡು, ಕೆಮ್ಮುತ್ತಾ ಹೊರಗೆ ಓಡಿ, ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿ, ಎಲ್ಲರೂ ಮೇಲಿನ ದಿಬ್ಬಕ್ಕೆ ಹೋಗಿ ಎಂದು ಕೂಗಿದರು. ಇನ್ನೊಬ್ಬ ಆಪರೇಟರ್ ಮುಖವಾಡ ಹಾಕಿಕೊಂಡು ಹೋಗಿ ಸಿಲಿಂಡರ್ ಮುಚ್ಚಿದ. ಆಂಬುಲೆನ್ಸಿಗೆ ಮಾವ ತಾವೇ ನಡೆದುಹೋಗಿ ಹತ್ತಿದರು. ಮಧ್ಯಾಹ್ನದ ತನಕ ಹೆಂಡತಿಯ ಹತ್ತಿರ ಮಾತಾಡುತ್ತಿದ್ದರು. ಸಂಜೆಯ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬತೊಡಗಿತು. ಗುರುವಾರ ಬೆಳಿಗ್ಗೆ ಹೋದರು.

ಸುದ್ದಿ ಬಂದಾಗ ಅವಳು ನೆನಪೋಲೆಗಳನ್ನು ಕಳಿಸುತ್ತಿದ್ದಳು. ಹೇಳಿದವರು ಪಕ್ಕದ ಮೇಜಿನವರು. ನದಿಯಾಚೆ ಘಟಕದಲ್ಲಿ ಒಬ್ಬರು ಹೋದರಂತೆ, ಮಾವ ಅಂತಿದ್ದರಂತೆ, ಎಂದರು. ಅವಳು ಎದ್ದು ಶೌಚಾಲಯಕ್ಕೆ ಹೋಗಿ, ನಲ್ಲಿ ತಿರುಗಿಸಿ, ನೀರನ್ನು ನೋಡುತ್ತಾ ನಿಂತಳು. ಅಳು ಬರಲಿಲ್ಲ.

ಮರುದಿನ ಎಂಜಿನಿಯರನ್ನು ಅಮಾನತು ಮಾಡಿದರು. ಅವರು ಆದೇಶ ತೆಗೆದುಕೊಳ್ಳಲು ಮುಖ್ಯ ಕಚೇರಿಗೆ ಬಂದಾಗ ಅವಳು ಮೊದಲ ಸಲ ಅವರನ್ನು ಮುಖಾಮುಖಿ ಕಂಡಳು. ಅಲ್ಲಿಯವರೆಗೆ ದನಿ ಮಾತ್ರ ಗೊತ್ತಿತ್ತು. ನಲವತ್ತು ದಾಟಿದ ಸಣಕಲು ಮನುಷ್ಯ, ಗಡ್ಡ ಬೋಳಿಸಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತು ತಮ್ಮ ಚೀಲದಿಂದ ಕಾಗದಗಳನ್ನು ತೆಗೆದು ತೋರಿಸಿದರು. ಖರೀದಿ ವಿಭಾಗಕ್ಕೆ ಅವರು ಬರೆದ ಪತ್ರಗಳು. ಏಪ್ರಿಲ್, ಜೂನ್, ಆಗಸ್ಟ್, ಅಕ್ಟೋಬರ್. ವೈರಿಂಗ್ ಕೆಲಸವನ್ನು ಬೇಗ ಮಾಡಿಸಿಕೊಡಿ ಎಂದು ನಾಲ್ಕು ಸಲ ಕೇಳಿದ್ದರು. ಎಲ್ಲ ಘಟಕಗಳ ವೈರಿಂಗ್ ಸೇರಿಸಿ ಒಂದೇ ಟೆಂಡರ್ ಕರೆಯುತ್ತೇವೆ, ಕಾಯಿರಿ ಎಂದು ಒಂದು ಸಲ ಉತ್ತರ ಬಂದಿತ್ತು. ಖರೀದಿ ವಿಭಾಗ ಇದ್ದದ್ದು ಬೇರೊಬ್ಬ ಅಧಿಕಾರಿಯ ಕೈಕೆಳಗೆ. ಇದೊಂದನ್ನು ಬಿಡಿಸಿ ಮೊದಲು ಮಾಡಿ ಎಂದು ಹೇಳುವ ಅಧಿಕಾರ ಇದ್ದದ್ದು ವ್ಯವಸ್ಥಾಪಕ ನಿರ್ದೇಶಕರೊಬ್ಬರಿಗೆ.

ಹಾಗಾದರೆ ಮುಗಿದಿದೆ ಎಂದು ಫೋಟೋ ಕಳಿಸಿದ್ದು ಯಾಕೆ ಎಂದು ಅವಳು ಕೇಳಿದಳು.

“ನಿಮ್ಮ ಆಫೀಸಿಂದಲೇ ಫೋನ್ ಬಂತು ಮೇಡಂ. ಏನಾದ್ರೂ ಒಂದು ಕಳಿಸಿ, ಸಭೆ ಇದೆ ಅಂದ್ರು. ಕಳಿಸಿದ್ದು ನನ್ನ ತಪ್ಪು. ಆದ್ರೆ ನೀವು ಬಂದು ನೋಡಿದ್ರಿ ಅಂದಾಗ ಖುಷಿಯಾಯ್ತು. ಇನ್ನು ಇದು ಮೇಲೆ ಹೋಗುತ್ತೆ, ನನಗೆ ಬೈತಾರೆ, ಬೈದ್ರೂ ಪರವಾಗಿಲ್ಲ, ಕೆಲಸ ಆಗುತ್ತೆ ಅಂದ್ಕೊಂಡೆ. ನೀವು ಮೇಲೆ ಹಾಕೋದನ್ನೇ ಕಾಯ್ತಾ ಇದ್ದೆ.”

ಅವರ ಮಾತಿನಲ್ಲಿ ಆಪಾದನೆ ಇರಲಿಲ್ಲ. ಕಾಗದಗಳನ್ನು ಅಂಚು ಸರಿಮಾಡಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಅವಳು ಮೆಟ್ಟಿಲ ಕಂಬಿ ಹಿಡಿದು ನಿಂತಲ್ಲೇ ನಿಂತಳು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು ಅವಳು ಆ ಮನುಷ್ಯನ ಕೈಯಿಂದ ಇದ್ದೊಂದು ಹಗ್ಗವನ್ನೂ ಕಿತ್ತುಕೊಂಡಿದ್ದಳು. ಮೇಲಿನವರಿಗೆ ಹೇಳುವುದೆಂದರೆ ದೂರು ಕೊಡುವುದು ಎಂದೇ ಅವಳೂ, ಮುಖ್ಯಸ್ಥರೂ, ಇಡೀ ಕಚೇರಿಯವರೂ ತಿಳಿದಿದ್ದರು. ಕೆಳಗಿನವನ ಕೈಯಲ್ಲಿ ಆಗದ್ದನ್ನು ಆಗುವವರ ಮುಂದೆ ಇಡುವುದು ಎಂದು ಕೈಪಿಡಿಯಲ್ಲಿ ಬರೆದದ್ದು ಅವಳೇ.

ವಾರದೊಳಗೆ ಸಮಿತಿಯ ತುರ್ತು ಸಭೆ ಕರೆದರು. ಮುಖ್ಯಸ್ಥರು ಟಿಪ್ಪಣಿಯನ್ನು ಸಿದ್ಧ ಮಾಡಿದ್ದರು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಶಿಫಾರಸು ಪ್ರಗತಿಯಲ್ಲಿತ್ತು, ಪರಿಷ್ಕೃತ ಗಡುವು ಡಿಸೆಂಬರ್ ಕೊನೆ, ಘಟನೆಯ ದಿನ ಗಡುವು ಮೀರಿರಲಿಲ್ಲ. ಅವಳು ಅದನ್ನು ಓದಿ ಅವರ ಮೇಜಿನ ಮೇಲಿಟ್ಟಾಗ ಅವರು ಕಣ್ಣೆತ್ತಲಿಲ್ಲ. ನಾವಿಬ್ಬರೂ ಇದರಲ್ಲಿ ಇದ್ದೇವೆ ಕಣಮ್ಮ, ಎಂದಷ್ಟೇ ಹೇಳಿದರು. ಹೆದರಿಸಲು ಹೇಳಿದ ಮಾತಲ್ಲ ಅದು. ಅವರೇ ಹೆದರಿದ್ದರು.

ಸಭೆಯ ಹಿಂದಿನ ದಿನ ಅವಳು ತನ್ನ ಆ ಬೇರೆ ಹಾಳೆಯನ್ನು ತೆರೆದಳು. ಮೊದಲ ಗಡುವು ಮಾರ್ಚ್. ಅಲ್ಲಿಂದ ಘಟನೆಯ ದಿನಕ್ಕೆ ಇನ್ನೂರ ಮೂವತ್ತಕ್ಕೂ ಹೆಚ್ಚು ದಿನ. ಮೂರು ವಿಸ್ತರಣೆ, ಪ್ರತಿಯೊಂದನ್ನೂ ಕೇಳಿದವರು ಯಾರು, ಒಪ್ಪಿದವರು ಯಾರು, ನಿಯಮದ ಪ್ರಕಾರ ಒಪ್ಪಬೇಕಾಗಿದ್ದವರು ಯಾರು. ಮೂರನೆಯದಕ್ಕೆ ಘಟಕದಿಂದ ಕೋರಿಕೆಯೇ ಬಂದಿರಲಿಲ್ಲ. ಆ ಜಾಗದಲ್ಲಿ ತನ್ನ ಹುದ್ದೆಯನ್ನು ಬರೆದಳು. ಕೇಬಲಿನ ತುದಿಯ ಫೋಟೋ ಅಂಟಿಸಿ, ಕೆಳಗೆ ತಾರೀಖು ಹಾಕಿದಳು. ಎಂಜಿನಿಯರ ನಾಲ್ಕು ಪತ್ರಗಳ ಪ್ರತಿ ತರಿಸಿ ಸೇರಿಸಿದಳು. ಒಂದು ಪ್ರತಿಯನ್ನು ಮೊದಲು ಮುಖ್ಯಸ್ಥರಿಗೇ ಕೊಟ್ಟಳು. ಕದ್ದು ಕೊಡುವುದು ಅವಳಿಗೆ ಬೇಡವಾಗಿತ್ತು. ಅವರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸಭೆಯಲ್ಲಿ ನಾನು ತಡೆಯೋದಿಲ್ಲ” ಎಂದರು.

ಸಭೆಯ ಕೋಣೆಯಲ್ಲಿ ಎಂಟು ಜನ. ವ್ಯವಸ್ಥಾಪಕ ನಿರ್ದೇಶಕರು ಮೊದಲು ಮಾತಾಡಿದರು. ಈ ಕೆಲಸ ತಡವಾಗುತ್ತಿದೆ ಎಂದು ತಮಗೆ ಯಾವ ವರದಿಯಲ್ಲೂ ತಿಳಿಸಿಲ್ಲ, ತಿಳಿದಿದ್ದರೆ ಒಂದು ದಿನದಲ್ಲಿ ಮಾಡಿಸುತ್ತಿದ್ದೆ, ಎಂದರು. ಅಧ್ಯಕ್ಷೆ ಅವಳ ಕಡೆ ತಿರುಗಿದರು.

“ಪಟ್ಟಿ ಇಡೋರು ನೀವಲ್ವಾ? ಅಕ್ಟೋಬರ್ ಸಭೆಯ ಪಟ್ಟಿಯಲ್ಲಿ ಇದು ಯಾಕಿರಲಿಲ್ಲ?”

“ಗಡುವು ಬದಲಾಯಿಸಿದ್ವಿ ಮೇಡಂ. ಬದಲಾಯಿಸಿದ್ರೆ ಪಟ್ಟಿಯಿಂದ ಹೋಗುತ್ತೆ. ಹೋಗ್ಲಿ ಅಂತಲೇ ಬದಲಾಯಿಸಿದ್ದು. ಅದರ ಹಿಂದಿನ ದಿನ ನಾನೇ ಹೋಗಿ ನೋಡಿದ್ದೆ. ಯಂತ್ರಕ್ಕೆ ಕರೆಂಟಿರಲಿಲ್ಲ.”

ಅವಳು ಹಾಳೆಗಳನ್ನು ಹಂಚಿದಳು.

“ಯಾರು ಹೇಳಿದ್ದು ಬದಲಾಯಿಸಿ ಅಂತ?”

ಅವಳು ಉತ್ತರಿಸುವ ಮುಂಚೆ ಮುಖ್ಯಸ್ಥರು, ನಾನು, ಎಂದರು. ಅವಳು, ಹೇಳಿದ್ದು ಅವರು, ಬರೆದು ಸಹಿ ಹಾಕಿದ್ದು ನಾನು, ಆಗೋದಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ, ಎಂದಳು. ಅಧ್ಯಕ್ಷೆ ಫೋಟೋವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಿರ್ದೇಶಕರನ್ನು ಕೇಳಿದರು: ಮೂವತ್ತೊಂದು ಹತ್ತರ ಒಳಗೆ ಬರಬೇಕು ಅಂತ ಮಾತು ಕೊಟ್ಟಿದ್ದಿರಲ್ಲ, ಹೇಗೆ ಬಂತು ಅಂತ ಯಾವತ್ತಾದರೂ ಕೇಳಿದ್ದಿರಾ? ಅವರು ನೀರು ಕುಡಿದರು. ನಾನೂ ಕೇಳಲಿಲ್ಲ ಬಿಡಿ, ಎಂದು ಅಧ್ಯಕ್ಷೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

ಆ ಸಭೆಯಿಂದ ಆದದ್ದು ಇಷ್ಟು. ಇನ್ನು ಮುಂದೆ ಪ್ರತಿ ಸಾಲಿನಲ್ಲೂ ಮೊದಲ ಗಡುವು ಉಳಿಯಬೇಕು, ದಿನಗಳನ್ನು ಅಲ್ಲಿಂದಲೇ ಎಣಿಸಬೇಕು, ಎಷ್ಟು ಸಲ ಮುಂದೂಡಿದೆ ಎಂಬುದು ಸಮಿತಿಗೆ ಬರಬೇಕು ಎಂದು ತೀರ್ಮಾನವಾಯಿತು. ಹಳೆಯ ತಾರೀಖಿನಿಂದ ಎಣಿಸಿ ನೋಡಿದಾಗ ಗಡುವು ಮೀರಿದವು ಒಂಬತ್ತಲ್ಲ, ನಲವತ್ತನಾಲ್ಕು. ಯಂತ್ರ ತಯಾರಿಸಿದ ಕಂಪನಿಯ ಇಬ್ಬರು ಬಂದು ಕೇಬಲ್ ಜೋಡಿಸಿದರು, ಒಂದು ಮಧ್ಯಾಹ್ನದ ಕೆಲಸ. ಮುಖ್ಯಸ್ಥರು ನಿವೃತ್ತಿಗೆ ಮುಂಚೆಯೇ ಬಿಟ್ಟುಹೋದರು. ಅವಳಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಎರಡು ವರ್ಷ ಬಡ್ತಿ ಇಲ್ಲ. ಎಂಜಿನಿಯರ ಅಮಾನತು ತಕ್ಷಣ ತೆರವಾಗಲಿಲ್ಲ. ನಾಲ್ಕು ಪತ್ರಗಳಿದ್ದರೂ, ಮುಗಿದಿದೆ ಎಂದು ಬರೆದ ಆ ಒಂದು ಸಾಲು ಅವರ ಕುತ್ತಿಗೆಗೆ ಬಿತ್ತು. ಐದು ತಿಂಗಳಾದ ಮೇಲೆ ದೂರದ ಪಂಪ್‌ಹೌಸಿಗೆ ಹಾಕಿದರು. ಖರೀದಿ ವಿಭಾಗದವರಿಗೆ ಏನೂ ಆಗಲಿಲ್ಲ. ನಿರ್ದೇಶಕರು ಅಲ್ಲೇ ಇದ್ದರು.

ಡಿಸೆಂಬರಿನಲ್ಲಿ ಒಂದು ಭಾನುವಾರ ಅವಳು ಮಾವನ ಮನೆ ಹುಡುಕಿಕೊಂಡು ಹೋದಳು. ಗಂಡ ಬೈಕಿನಲ್ಲಿ ಬಿಟ್ಟು, ಬೀದಿಯ ತುದಿಯಲ್ಲೇ ಕಾಯುತ್ತೇನೆ ಎಂದ. ಎರಡನೇ ಮಹಡಿಯ ಪುಟ್ಟ ಮನೆ. ಮಾವನ ಹೆಂಡತಿ ಬಾಗಿಲು ತೆರೆದರು. ಕಚೇರಿಯವಳು ಎಂದಾಗ ಒಳಗೆ ಕರೆದು ಕುರ್ಚಿ ತೋರಿಸಿದರು. ಪರಿಹಾರದ ಅರ್ಜಿಯ ನಮೂನೆಗಳು ಮೇಜಿನ ಮೇಲೆ ಹರಡಿದ್ದವು. ಮಗಳು ಪೆನ್ನು ಹಿಡಿದು ಕೂತಿದ್ದಳು.

ಅವಳು ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾನು ಅಕ್ಟೋಬರಿನಲ್ಲಿ ಆ ಕೋಣೆಗೆ ಹೋಗಿದ್ದೆ, ಅವರೇ ತೋರಿಸಿದ್ದು, ಎಂದಳು.

“ಹೇಳಿದ್ರು. ಆಫೀಸಿಂದ ಒಬ್ಬಳು ಹೆಣ್ಣುಮಗಳು ಬಂದಿದ್ಲು, ಬಗ್ಗಿ ಬಗ್ಗಿ ನೋಡಿದ್ಲು, ಇನ್ನು ಬೇಗ ಸರಿಹೋಗುತ್ತೆ ಅಂದ್ರು” ಎಂದರು ಆಕೆ. ಆಮೇಲೆ ಅಂದರು, “ಅಂದ್ರೆ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು ಅಕ್ಕ.”

“ಹೇಳ್ಲಿಲ್ಲ.”

“ಹೇಳ್ಲಿಲ್ಲ.”

ಆಕೆ ಬೈಯಲಿಲ್ಲ. ಅಳಲಿಲ್ಲ. ಮಗಳ ಕಡೆ ನೋಡಿದರು. ಮಗಳು ತಲೆ ತಗ್ಗಿಸಿಕೊಂಡು ನಮೂನೆಯ ಒಂದು ಜಾಗದಲ್ಲಿ ಬೆರಳಿಟ್ಟುಕೊಂಡು ಕೂತೇ ಇದ್ದಳು. ‘ಘಟನೆಗೆ ಕಾರಣ’ ಎಂಬ ಜಾಗ ಅದು. ಅಲ್ಲಿ ಏನು ಬರೆಯಬೇಕು ಎಂದು ಹುಡುಗಿಗೆ ಯಾರೂ ಹೇಳಿರಲಿಲ್ಲ. ಆಫೀಸಿನವರು ಕೊಟ್ಟ ಮಾದರಿಯಲ್ಲಿ ‘ಆಕಸ್ಮಿಕ’ ಎಂದಿತ್ತು.

“ಆಕಸ್ಮಿಕ ಅಂತ ಬರೀಬೇಡ” ಎಂದಳು ಅವಳು. “ನಾನು ಹೇಳ್ತೀನಿ, ಬರ್ಕೋ.”

ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. ತಿರುಗದೆಯೇ, ಬರ್ಕೋ, ಎಂದರು. ಅವಳು ಒಂದೊಂದೇ ವಾಕ್ಯ ಹೇಳಿದಳು, ಹುಡುಗಿ ಬರೆದಳು. ಜಾಗ ಸಾಲದೆ ಇನ್ನೊಂದು ಹಾಳೆ ಸೇರಿಸಬೇಕಾಯಿತು. ಸಾಕ್ಷಿಯ ಹೆಸರು ಎಂಬಲ್ಲಿ ಅವಳು ತನ್ನ ಹೆಸರನ್ನೂ ಹುದ್ದೆಯನ್ನೂ ಬರೆಸಿ ಸಹಿ ಹಾಕಿದಳು. ಎದ್ದು ಹೊರಟಾಗ ಮಾವನ ಹೆಂಡತಿ ಬಾಗಿಲವರೆಗೆ ಬರಲಿಲ್ಲ. ಹುಡುಗಿ ಬಂದು ಚಿಲಕ ತೆಗೆದಳು, ಅವಳು ಹೊರಗೆ ಕಾಲಿಟ್ಟ ಮೇಲೆ ಸದ್ದಾಗದ ಹಾಗೆ ಮುಚ್ಚಿಕೊಂಡಳು.